ಒಂದನೇ ಕ್ಲಾಸಿನ ಬಾಯಿಗೆ ಒಗ್ಗುವ ಶಾಲಾಗೀತೆ

(ಹಾಸನದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕ, ಶಿಕ್ಷಕಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಶಾಲಾಗೀತೆ ಬರೆಯುವುದು ಹೇಗೆ ಅಂತ ಮಾತಾಡಿ ಎಂದು ಕೇಳಿದ್ದೀರಿ. ನಾನು ಒಂದೇ ಒಂದು ಹಾಡನ್ನು ಹಿಡಿದುಕೊಂಡು ಮಾತಾಡುತ್ತೇನೆ. ಸಕಲೇಶಪುರದ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯವರು ತಮ್ಮ ಶಾಲೆಗೊಂದು ಗೀತೆ ಬೇಕೆಂದು ಒಂದು ಕರಡು ಬರೆದು, ಬೆಳಿಗ್ಗೆ ಮಕ್ಕಳಿಂದ ಹಾಡಿಸಲೂ ಶುರುಮಾಡಿ, ನನ್ನ ಹತ್ತಿರ ತಂದಿದ್ದರು. ಅದನ್ನು ಅವರೂ ನಾನೂ ಕೂತು ತಿದ್ದಿದೆವು. ತಿದ್ದುತ್ತಾ ಹೋದಂತೆ ಹಳೆಯ ಸಾಲು ಒಂದೂ ಉಳಿಯಲಿಲ್ಲ. ಯಾಕೆ ಉಳಿಯಲಿಲ್ಲ ಅನ್ನುವುದೇ ಇವತ್ತಿನ ಮಾತು.

ಅವರು ತಂದ ಪಲ್ಲವಿ ಹೀಗಿತ್ತು:

ಜ್ಞಾನಜ್ಯೋತಿಯ ಬೆಳಗುವ ದಿವ್ಯ
ವಿದ್ಯಾಮಂದಿರ ನಮ್ಮದು
ಭಿನ್ನತೆಯಲ್ಲಿ ಐಕ್ಯತೆ ಸಾರುವ
ಶ್ರೇಷ್ಠ ಪರಂಪರೆ ನಮ್ಮದು

ಛಂದಸ್ಸಿನ ಕಣ್ಣಲ್ಲಿ ಇದರಲ್ಲಿ ದೊಡ್ಡ ದೋಷವೇನಿಲ್ಲ. ಬರೆದ ಮೇಡಂಗೆ ಲಯ ಚೆನ್ನಾಗಿ ಗೊತ್ತಿತ್ತು. ನಾಲ್ಕು ನಾಲ್ಕು ಮಾತ್ರೆಗೆ ಸಾಲು ಸಲೀಸಾಗಿ ಒಡೆಯುತ್ತದೆ. ದೊಡ್ಡವರು ಹಾಡಿದರೆ ಕೇಳುವುದಕ್ಕೂ ಗಂಭೀರವಾಗಿದೆ. ಆದರೆ ಈ ಹಾಡನ್ನು ಬೆಳಿಗ್ಗೆ ಪ್ರಾರ್ಥನೆಗೆ ನಿಂತು ಹಾಡಬೇಕಾದವರಲ್ಲಿ ಆರು ವರ್ಷದ ಮಕ್ಕಳಿದ್ದಾರೆ. ಈ ನಾಲ್ಕು ಸಾಲಿನಲ್ಲಿ ಬೇರೆ ವ್ಯಂಜನದ ಒತ್ತು ಎಷ್ಟು ಕಡೆ ಬಂದಿದೆ ಎಂದು ಎಣಿಸಿ: ಜ್ಞಾ, ಜ್ಯೋ, ವ್ಯ, ದ್ಯಾ, ಕ್ಯ, ಶ್ರೇ, ಷ್ಠ. ಏಳು. ನಮ್ಮ ನಲಿ-ಕಲಿ ಮಕ್ಕಳು ‘ಅಮ್ಮ’, ‘ಅಕ್ಕ’, ‘ಬೆಲ್ಲ’ ಅನ್ನುವಂಥ ಅದೇ ಅಕ್ಷರದ ಒತ್ತನ್ನು ಹುಟ್ಟಿನಿಂದ ಆಡುತ್ತಾರೆ. ಅದು ನಾಲಿಗೆಗೆ ಭಾರವಲ್ಲ. ಒಂದು ವ್ಯಂಜನದ ಕೆಳಗೆ ಇನ್ನೊಂದು ಬಂದಾಗ ಒಂದು ಕ್ಷಣ ನಾಲಿಗೆ ತಡೆಯುತ್ತದೆ. ಮಾತಿನಲ್ಲಿ ತಡೆದರೆ ಏನಾಗುವುದಿಲ್ಲ, ನಿಧಾನವಾಗಿ ಹೇಳಿದರಾಯಿತು. ಹಾಡಿನಲ್ಲಿ ತಾಳ ಮುಂದಕ್ಕೆ ಹೋಗಿಬಿಟ್ಟಿರುತ್ತದೆ, ಮಗು ಆ ಪದವನ್ನು ಬಿಟ್ಟು ಮುಂದಿನದಕ್ಕೆ ಹಾರುತ್ತದೆ.

ಇದನ್ನು ಕಂಡುಕೊಳ್ಳುವುದು ಸುಲಭ, ಆದರೆ ಸಾಲಿನಲ್ಲಿ ನಿಂತು ಹಾಡುವಾಗ ಕಾಣುವುದಿಲ್ಲ. ಅಲ್ಲಿ ಐದನೇ ಕ್ಲಾಸಿನವರ ಗಂಟಲು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಒಂದನೇ ಕ್ಲಾಸಿನ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಪುಟ್ಟಾ, ಬೆಳಿಗ್ಗೆ ಹಾಡ್ತೀಯಲ್ಲ, ಅದನ್ನ ನಂಗೊಬ್ಬಳಿಗೇ ಹಾಡು’ ಅನ್ನಿ. ಆ ಶಾಲೆಯ ಮೇಡಂ ಹಾಗೇ ಮಾಡಿದರು. ‘ಗ್ಯಾನಜೋತಿಯ ಬೆಳಗುವ ದಿವ್ವ’ ಎಂದು ಶುರುವಾಯಿತು, ‘ಬಿನ್ನತೆಯಲ್ಲಿ’ ಆದಮೇಲೆ ಬರೀ ರಾಗ ಉಳಿಯಿತು, ಕೊನೆಗೆ ‘ನಮ್ಮದು’ ಅನ್ನುವುದು ಮಾತ್ರ ಜೋರಾಗಿ, ಸ್ಪಷ್ಟವಾಗಿ ಬಂತು. ಮಗುವಿನ ಬಾಯಲ್ಲಿ ಉಳಿದ ಪದ ಯಾವುದು ಅಂತ ಮೇಡಂ ಗುರುತು ಹಾಕಿಕೊಂಡರು. ಹೊಸ ಹಾಡು ಅಲ್ಲಿಂದಲೇ ಶುರುವಾಯಿತು.

ಇನ್ನೊಂದು ಸಂಗತಿ ನಮ್ಮ ಸೀಮೆಗೇ ಸೇರಿದ್ದು. ಹಾಸನವನ್ನೇ ಅರ್ಧ ಜನ ‘ಆಸ್ನ’ ಅನ್ನುತ್ತೇವೆ. ಹಳ್ಳಿಯ ಮಕ್ಕಳ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಇದನ್ನು ನಾನು ದೋಷ ಅನ್ನುವುದಿಲ್ಲ. ಅದು ಅವರ ಅಪ್ಪ, ಅಮ್ಮ, ಅಜ್ಜಿಯ ಬಾಯಿ. ಶಾಲೆಯಲ್ಲಿ ಹಕಾರ ಕಲಿಸೋಣ, ಖಂಡಿತ ಕಲಿಸಬೇಕು. ಆದರೆ ಅದಕ್ಕೆ ಶಾಲಾಗೀತೆಯನ್ನು ಉಪಯೋಗಿಸುವುದು ಬೇಡ. ಮಗು ತಲೆ ಎತ್ತಿ ಹಾಡಬೇಕಾದ ಹೊತ್ತಿನಲ್ಲಿ ನಾವು ಅದರ ಉಚ್ಚಾರಣೆ ತಿದ್ದಲು ನಿಂತರೆ, ಆ ಮಗು ನಾಳೆಯಿಂದ ತುಟಿ ಮಾತ್ರ ಆಡಿಸುತ್ತದೆ. ಅದಕ್ಕೆ ನಾನು ಮಾಡುವುದು ಇಷ್ಟು: ಬರೆದ ಪ್ರತಿ ಸಾಲಿನಲ್ಲೂ ‘ಹ’ ತೆಗೆದು ಒಮ್ಮೆ ಓದುತ್ತೇನೆ. ಅರ್ಥ ಕೆಡದಿದ್ದರೆ ಪದ ಇರಲಿ, ಕೆಟ್ಟರೆ ಬೇರೆ ಪದ. ಅವರ ಕರಡಿನ ಒಂದು ಚರಣದಲ್ಲಿ ‘ಹಕ್ಕಿಗಳಂತೆ ಹಾರುವೆವು’ ಅಂತಿತ್ತು. ‘ಹ’ ತೆಗೆದರೆ ಅಕ್ಕಿ ಆಗುತ್ತದೆ. ಆ ಸಾಲನ್ನು ಕೈಬಿಟ್ಟೆವು.

ಆ ಸಾಲಿನ ‘ಹಾರುವೆವು’ ಕೂಡ ನೋಡಿ. ಬೆಳಗುವೆವು, ನಡೆಯುವೆವು, ನಮಿಸುವೆವು. ಶಾಲಾಗೀತೆಗಳ ತುಂಬ ಈ ‘-ವೆವು’ ಇರುತ್ತದೆ. ಯಾವ ಮಗು ಹೀಗೆ ಮಾತಾಡುತ್ತದೆ? ‘ಹೋಗ್ತೀವಿ’, ‘ಮಾಡ್ತೀವಿ’ ಅನ್ನುತ್ತದೆ. ಹಾಗಂತ ಗೀತೆಯನ್ನು ಪೂರಾ ಆಡುಮಾತಿನಲ್ಲಿ ಬರೆಯಲು ಶಾಲೆಗಳು ಒಪ್ಪುವುದಿಲ್ಲ, ಯಾಕೆಂದರೆ ಗೋಡೆಯ ಮೇಲೆ ಬರೆಸುತ್ತಾರೆ, ಮಕ್ಕಳು ಅದನ್ನು ಓದುತ್ತಾರೆ. ಇದಕ್ಕೊಂದು ದಾರಿ ಇದೆ. ಬರಹದಲ್ಲೂ ಮಾತಿನಲ್ಲೂ ಒಂದೇ ಥರ ಇರುವ ಕ್ರಿಯಾಪದಗಳನ್ನು ಆರಿಸಿಕೊಳ್ಳುವುದು. ‘ಬನ್ನಿ’, ‘ಕಲಿಸು’, ‘ಆಡು’. ಕರೆಯುವ, ಕೇಳುವ, ಹೇಳುವ ರೂಪಗಳು. ಇವು ಬಂದಕೂಡಲೇ ಹಾಡಿನ ಸ್ವಭಾವವೇ ಬದಲಾಗುತ್ತದೆ. ‘ನಾವು ಇಂಥವರು’ ಎಂದು ಊರಿಗೆ ಸಾರುವುದು ನಿಂತು, ಒಂದು ಮಗು ಇನ್ನೊಂದು ಮಗುವಿನ ಜೊತೆ ಮಾತಾಡಲು ಶುರುಮಾಡುತ್ತದೆ.

ಈಗ ಒಗ್ಗಟ್ಟಿನ ವಿಷಯ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಅವರ ಕರಡಿನ ಎರಡನೇ ಚರಣದಲ್ಲಿ ‘ಹಿಂದೂ ಮುಸ್ಲಿಂ ಕ್ರೈಸ್ತರು ನಾವು ಒಂದೇ ತಾಯಿಯ ಮಕ್ಕಳು’ ಎಂಬ ಭಾವದ ಸಾಲುಗಳಿದ್ದವು. ಉದ್ದೇಶ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಶಾಲೆಯ ಮೂರನೇ ಕ್ಲಾಸಿನಲ್ಲಿ ಮುಸ್ಲಿಂ ಮನೆಯಿಂದ ಬರುವವನು ಒಬ್ಬನೇ ಹುಡುಗ. ಹಾಡಿಗೆ ಅಭಿನಯ ಬೇರೆ ಸೇರಿಸಿದ್ದರು. ಆ ಪದ ಬಂದಾಗ ಪಕ್ಕದ ಮಕ್ಕಳೆಲ್ಲ ಅವನ ಕಡೆ ಕೈ ತೋರಿಸುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ. ಆದರೂ ಪ್ರತಿ ದಿನ ಬೆಳಿಗ್ಗೆ ಹೀಗೆ ಕೈ ತೋರಿಸಿಕೊಳ್ಳುವ ಹುಡುಗನಿಗೆ ಏನು ಗೊತ್ತಾಗುತ್ತದೆ? ತಾನು ಬೇರೆ ಅನ್ನುವುದು ಗೊತ್ತಾಗುತ್ತದೆ. ಅಲ್ಲಿಯವರೆಗೆ ಅವನು ಬರೀ ಚೆನ್ನಾಗಿ ಲಗೋರಿ ಆಡುವ ಹುಡುಗನಾಗಿದ್ದ.

ಭೇದಗಳ ಪಟ್ಟಿ ಓದಿ ಆಮೇಲೆ ‘ಆದರೂ ನಾವೆಲ್ಲ ಒಂದು’ ಅನ್ನುವುದು ದೊಡ್ಡವರ ದಾರಿ. ನಮಗೆ ಆ ಭೇದಗಳ ಇತಿಹಾಸ ಗೊತ್ತು, ಅದಕ್ಕೇ ಅವನ್ನು ದಾಟಿದ ಮಾತು ನಮಗೆ ದೊಡ್ಡದಾಗಿ ಕಾಣುತ್ತದೆ. ಆರು ವರ್ಷದ ಮಗುವಿಗೆ ಪಟ್ಟಿ ಮಾತ್ರ ನೆನಪಿರುತ್ತದೆ. ‘ಬಡವ ಬಲ್ಲಿದ’ ಅನ್ನುವುದೂ ಅಷ್ಟೇ. ‘ರೈತನ ಮಕ್ಕಳು ನಾವು’ ಅಂದರೆ ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಮಗು ಹೊರಗುಳಿಯುತ್ತದೆ. ‘ಅಣ್ಣ ತಮ್ಮಂದಿರು’ ಅಂದರೆ ಹೆಣ್ಣುಮಕ್ಕಳು. ‘ಕನ್ನಡ ತಾಯಿನುಡಿ’ ಅಂದರೆ, ಸಕಲೇಶಪುರದ ಕಾಫಿ ಸೀಮೆಯಲ್ಲಿ ಮನೆಯೊಳಗೆ ತುಳು, ತಮಿಳು, ಬ್ಯಾರಿ, ಉರ್ದು ಆಡುವ ಮಕ್ಕಳು ಎಷ್ಟು ಜನ! ಅವರೆಲ್ಲ ಕನ್ನಡದಲ್ಲೇ ಕಲಿಯುತ್ತಿದ್ದಾರೆ, ಕನ್ನಡದಲ್ಲೇ ಜಗಳವಾಡುತ್ತಾರೆ. ಅವರನ್ನು ಹೊರಗೆ ನಿಲ್ಲಿಸುವ ಸಾಲು ಒಗ್ಗಟ್ಟಿನ ಹಾಡಿನಲ್ಲಿ ಯಾಕಿರಬೇಕು?

ಹಾಗಾದರೆ ಒಗ್ಗಟ್ಟನ್ನು ಹೇಳುವುದು ಹೇಗೆ? ಆ ಶಾಲೆಯ ಎಲ್ಲ ಮಕ್ಕಳಿಗೂ ನಿಜವಾಗಿ ಒಂದೇ ಆಗಿರುವ ವಸ್ತುಗಳನ್ನು ಹೇಳಿ ಅಂತ ಶಿಕ್ಷಕರನ್ನು ಕೇಳಿದೆ. ಗಂಟೆ, ಬಿಸಿಯೂಟದ ಸಾಲು, ನಲ್ಲಿ, ಆಟದ ಬಯಲು, ಬಿದ್ದಾಗ ಆಗುವ ಗಾಯ. ಬೋರ್ಡಿನ ಮೇಲೆ ಇಷ್ಟೇ ಬರೆದೆವು. ಭಾವೈಕ್ಯತೆ, ಸೌಹಾರ್ದ, ಸಮಾನತೆ ಎಂಬ ಪದಗಳನ್ನು ಬರೆಯಲೇ ಇಲ್ಲ. ಒಂದೇ ನಲ್ಲಿಗೆ ಬಾಯಿ ಒಡ್ಡುವುದು ಏನು ಅನ್ನುವುದು ನಮ್ಮ ನಾಡಿನಲ್ಲಿ ದೊಡ್ಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿಗೆ ಅದು ಬರೀ ನೀರು, ಬರೀ ನೀರಾಗಿಯೇ ಇರಲಿ.

ಹಾಡು ಕೊನೆಗೆ ಹೀಗಾಯಿತು:

ಗಂಟೆಯು ಕರೆಯಿತು ಎಲ್ಲರು ಬನ್ನಿ
ಎಲ್ಲರಿಗೊಂದೇ ಶಾಲೆ
ಕೈ ಕೈ ಸೇರಿಸಿ ಸಾಲಲಿ ನಿಂತರೆ
ನಾವೇ ಅಕ್ಷರಮಾಲೆ

ಒಂದೇ ಸಾಲಿನ ಬಿಸಿಬಿಸಿ ಊಟ
ಒಂದೇ ನಲ್ಲಿಯ ನೀರು
ಬಿದ್ದರೆ ಎತ್ತಲು ಕೈಗಳು ನೂರು
ನಮ್ಮದೆ ಎಲ್ಲಾ ಊರು

ನಿನ್ನಯ ಮಾತನು ನನಗೂ ಕಲಿಸು
ನನ್ನಯ ಜೊತೆಯಲಿ ಆಡು
ತೋಟವು ಗದ್ದೆಯು ಹೊಲವೂ ಸೇರಿ
ಆಯಿತು ನಮ್ಮೀ ನಾಡು

ಈಗ ಚಪ್ಪಾಳೆ ಹಾಕಿಕೊಂಡು ನೋಡಿ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ಇದು ನಿಮಗೆಲ್ಲ ಗೊತ್ತಿರುವುದೇ. ‘ಗಂಟೆಯು’ ನಾಲ್ಕು, ‘ಕರೆಯಿತು’ ನಾಲ್ಕು, ‘ಎಲ್ಲರು’ ನಾಲ್ಕು, ‘ಬನ್ನಿ’ ಮೂರು, ಕೊನೆಯ ಅಕ್ಷರ ಎಳೆದರೆ ನಾಲ್ಕು. ಒಂದೊಂದು ಪದಕ್ಕೆ ಒಂದು ಚಪ್ಪಾಳೆ, ಸಾಲಿಗೆ ನಾಲ್ಕು. ಎರಡನೇ ಸಾಲಿನಲ್ಲಿ ‘ಎಲ್ಲರಿ’, ‘ಗೊಂದೇ’, ‘ಶಾಲೆ’ ಅಂತ ಮೂರು ಚಪ್ಪಾಳೆಗೆ ಮಾತು ಮುಗಿಯುತ್ತದೆ. ನಾಲ್ಕನೇ ಚಪ್ಪಾಳೆ ಖಾಲಿ. ಆ ಖಾಲಿ ಜಾಗವನ್ನು ಬೇಕೆಂದೇ ಬಿಟ್ಟಿದ್ದೇವೆ, ಮಗು ಅಲ್ಲಿ ಉಸಿರು ತೆಗೆದುಕೊಳ್ಳುತ್ತದೆ. ಸಾಲುಗಳನ್ನು ಪೂರ್ತಿ ತುಂಬಿಸಿದ ಹಾಡುಗಳಲ್ಲಿ ಏನಾಗುತ್ತದೆ ಗೊತ್ತಲ್ಲ? ಚಿಕ್ಕ ಮಕ್ಕಳು ಪದದ ನಡುವೆ ಉಸಿರೆಳೆಯುತ್ತಾರೆ, ಅರ್ಧ ಪದ ನುಂಗಿ ಹೋಗುತ್ತದೆ, ಹಾಡು ಸಾಲಿನಿಂದ ಸಾಲಿಗೆ ಓಡಲು ಶುರುಮಾಡುತ್ತದೆ. ಬಹಳಷ್ಟು ಶಾಲೆಗಳಲ್ಲಿ ಪ್ರಾರ್ಥನೆಯ ವೇಗ ಕೊನೆಕೊನೆಗೆ ಹೆಚ್ಚಾಗುವುದಕ್ಕೆ ಈ ಉಸಿರಿನ ಕೊರತೆಯೇ ಕಾರಣ. ಮಕ್ಕಳಿಗೆ ಅವಸರವಾಯಿತು ಅಂತ ಗದರುವ ಮೊದಲು ಸಾಲಿನ ಕೊನೆ ನೋಡಿ.

ಈ ಮೂರು ಪದ್ಯದ ಒಂದೆರಡು ಪದಗಳ ಕಥೆ ಹೇಳಬೇಕು. ಪಲ್ಲವಿಯ ಕೊನೆಯಲ್ಲಿ ಮೊದಲು ‘ನಾವೇ ಹೂವಿನ ಮಾಲೆ’ ಎಂದಿತ್ತು. ಹೂಮಾಲೆ ಎಲ್ಲ ಶಾಲೆಯ ಹಾಡಿನಲ್ಲೂ ಇದೆ, ಮಗುವಿಗೆ ಅದರಲ್ಲಿ ಹೊಸದೇನೂ ಕಾಣುವುದಿಲ್ಲ. ‘ಅಕ್ಷರಮಾಲೆ’ ಅಂದಾಗ ಅದು ತನ್ನ ತರಗತಿಯ ಗೋಡೆಯ ಮೇಲೇ ಇದೆ. ‘ಅ’ ಬೇರೆ, ‘ಳ’ ಬೇರೆ, ಒಂದು ಇಲ್ಲದಿದ್ದರೂ ಯಾರದೋ ಹೆಸರು ಬರೆಯಲಾಗುವುದಿಲ್ಲ. ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ತೋರಿಸಬಹುದು. ಐದನೇ ಶತಮಾನದ ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲೇ. ಕನ್ನಡ ಅಕ್ಷರದ ಹಳೆಯ ಗುರುತು ಇರುವ ಜಿಲ್ಲೆಯ ಮಕ್ಕಳು ತಮ್ಮನ್ನು ಅಕ್ಷರಮಾಲೆ ಅಂದುಕೊಳ್ಳಲಿ ಅಂತ ನನಗೆ ನಿಜವಾಗಿಯೂ ಆಸೆ. ‘ಕ್ಷ’ ಒಂದು ಬೇರೆ ಒತ್ತು, ಹೌದು. ಇಡೀ ಹಾಡಿಗೆ ಅದೊಂದೇ. ‘ಅಕ್ಸರ’ ಅಂದರೂ ಯಾರಿಗೂ ಅರ್ಥ ತಪ್ಪುವುದಿಲ್ಲ.

ಮೊದಲ ಚರಣದ ಕೊನೆಯ ಸಾಲು ಒಂದು ಹಂತದಲ್ಲಿ ‘ನಗುವುದು ನಮ್ಮಯ ಊರು’ ಎಂದಾಗಿತ್ತು. ಮಾತ್ರೆ ಸರಿ, ಪ್ರಾಸ ಸರಿ, ಸಾಲು ಒಂದನ್ನೇ ಓದಿದರೆ ಚೆಂದ. ಅದರ ಹಿಂದಿನ ಸಾಲಿನ ಜೊತೆ ಓದಿ: ‘ಬಿದ್ದರೆ ಎತ್ತಲು ಕೈಗಳು ನೂರು, ನಗುವುದು ನಮ್ಮಯ ಊರು’. ಬಿದ್ದವನನ್ನು ನೋಡಿ ಊರೆಲ್ಲ ನಗುತ್ತದೆ ಅನ್ನುವ ಅರ್ಥ ಬಂದುಬಿಟ್ಟಿತು. ಪ್ರಾಸಕ್ಕೆಂದು ಹುಡುಕಿದ ಸಾಲು ಹೀಗೇ ಕೈಕೊಡುತ್ತದೆ. ಎರಡೆರಡು ಸಾಲನ್ನು ಸೇರಿಸಿ, ರಾಗವಿಲ್ಲದೆ, ಮಾತಿನಂತೆ ಓದಿದರೆ ಮಾತ್ರ ಸಿಕ್ಕಿಬೀಳುತ್ತದೆ. ‘ನಮ್ಮದೆ ಎಲ್ಲಾ ಊರು’ ಅಂದಮೇಲೆ, ಅಕ್ಕಪಕ್ಕದ ನಾಲ್ಕೈದು ಊರಿನಿಂದಲೂ ಎಸ್ಟೇಟಿನಿಂದಲೂ ಬರುವ ಮಕ್ಕಳಿಗೆ ಅದು ಸರಿಯಾಗಿ ಕೂತಿತು.

ಎರಡನೇ ಚರಣದಲ್ಲಿ ‘ಕಲಿಸುವೆ ನನ್ನಯ ಹಾಡು’ ಎಂದಿತ್ತು. ‘ಹ’ ತೆಗೆದು ಓದಿದಾಗ ‘ನನ್ನಯ ಆಡು’ ಆಯಿತು, ಮೇಯುವ ಆಡು. ಆಗ ಒಬ್ಬ ಮೇಷ್ಟ್ರು ಹೇಳಿದರು, ‘ಆಡು ಅಂತಲೇ ಬರಲಿ ಬಿಡಿ, ಆಟ ಆಡು ಅನ್ನೋ ಅರ್ಥದಲ್ಲಿ’ ಅಂತ. ‘ನನ್ನಯ ಜೊತೆಯಲಿ ಆಡು’ ಅವರ ಸಾಲು. ಇಡೀ ಗೀತೆಯಲ್ಲಿ ಮಕ್ಕಳು ಮೊದಲು ಕಲಿತದ್ದೂ ಅದನ್ನೇ. ‘ಹೊಲ’ ಮಾತ್ರ ಉಳಿಸಿಕೊಂಡೆವು. ‘ಒಲ’ ಅಂದರೂ ಊರಿನವರಿಗೆ ಅದು ಹೊಲವೇ. ಸಕಲೇಶಪುರದ ತೋಟ, ಆಲೂರಿನ ಗದ್ದೆ, ಅರಸೀಕೆರೆಯ ಹೊಲ, ಮೂರೂ ಸೇರಿದರೆ ನಮ್ಮ ಜಿಲ್ಲೆ. ಆ ಸಾಲಿನಲ್ಲಿ ನಕ್ಷೆ ಇದೆ, ಜಿಲ್ಲೆಯ ಹೆಸರಿಲ್ಲ.

ನನಗೆ ಪೂರ್ತಿ ಒಪ್ಪಿಗೆಯಾಗದ್ದು ‘ನಿನ್ನಯ’, ‘ನನ್ನಯ’. ಮಾತ್ರೆ ತುಂಬಲು ಹಾಕುವ ‘ಯ’ ಅದು, ಮಾತಿನಲ್ಲಿ ಯಾರೂ ಅನ್ನುವುದಿಲ್ಲ. ಹಾಡುಗಳಲ್ಲಿ ಕೇಳಿ ಮಕ್ಕಳಿಗೆ ರೂಢಿಯಾಗಿದೆ ಅನ್ನುವ ಒಂದೇ ಕಾರಣಕ್ಕೆ ಒಂದು ಜೋಡಿಯನ್ನು ಇಟ್ಟುಕೊಂಡೆವು. ಇನ್ನೊಂದು ಕಡೆ ಬಂದಿದ್ದರೆ ಒಪ್ಪುತ್ತಿರಲಿಲ್ಲ.

ಉದ್ದದ ವಿಷಯ ಬೇಗ ಹೇಳುತ್ತೇನೆ. ರಾಷ್ಟ್ರಗೀತೆಗೆ 52 ಸೆಕೆಂಡು. 2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ಕವಿತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಗೊತ್ತುಮಾಡಿತು. ಬೆಳಗಿನ ಸಭೆಯಲ್ಲಿ ಇವೆರಡರ ಜೊತೆ ವಾರ್ತೆ, ಸುಭಾಷಿತ ಎಲ್ಲ ಇರುತ್ತವೆ, ಮಕ್ಕಳು ಬಿಸಿಲಲ್ಲಿ ನಿಂತಿರುತ್ತಾರೆ. ಶಾಲಾಗೀತೆ ಒಂದು ನಿಮಿಷದ ಹತ್ತಿರ ಮುಗಿಯಬೇಕು. ಈ ಹಾಡಿನಲ್ಲಿ ಪಲ್ಲವಿ ಒಮ್ಮೆ ಪೂರ್ತಿ, ಪ್ರತಿ ಚರಣದ ನಂತರ ಪಲ್ಲವಿಯ ಎರಡು ಸಾಲು, ಒಟ್ಟು ಹದಿನಾರು ಸಾಲು, ಅರವತ್ನಾಲ್ಕು ಚಪ್ಪಾಳೆ. ಸೆಕೆಂಡಿಗೊಂದು ಚಪ್ಪಾಳೆ ಹಾಕಿದರೆ ನಿಮಿಷದ ಮೇಲೆ ನಾಲ್ಕು ಸೆಕೆಂಡು.

ರಾಗಕ್ಕೆ ನಾವು ಮೋಹನ ತೆಗೆದುಕೊಂಡೆವು. ಸ ರಿ ಗ ಪ ದ, ಐದೇ ಸ್ವರ, ಮಕ್ಕಳಿಗೆ ಜಾರುವ ಜಾಗಗಳು ಕಡಿಮೆ. ಮೇಲಿನ ಷಡ್ಜ ಮುಟ್ಟಿಸಲಿಲ್ಲ, ಮಂದ್ರಕ್ಕೂ ಇಳಿಸಲಿಲ್ಲ. ಗಂಡು ಮೇಷ್ಟ್ರು ತಮ್ಮ ಶ್ರುತಿಯಲ್ಲಿ ಎತ್ತಿಕೊಟ್ಟರೆ ಮಕ್ಕಳ ದನಿ ನೆಲಕ್ಕಿಳಿದು ಗೊಣಗುಟ್ಟಿದಂತಾಗುತ್ತದೆ. ಮೇಡಂ ಎತ್ತಿಕೊಡಲಿ, ಇಲ್ಲವೇ ನಾಲ್ಕನೇ ಕ್ಲಾಸಿನ ಒಂದು ಹುಡುಗಿ.

ಸಭೆಯ ಕೊನೆಯಲ್ಲಿ ಒಬ್ಬರು ಕೇಳಿದರು: ‘ಸರ್, ಈ ಹಾಡನ್ನೇ ನಮ್ಮ ಶಾಲೆಗೂ ತಗೊಳ್ಳಬಹುದಾ?’ ತಗೊಳ್ಳಿ, ಆದರೆ ಹಾಗೇ ಬೇಡ. ಮೊದಲ ಚರಣದ ಎರಡನೇ ಸಾಲನ್ನು ನಿಮ್ಮ ಶಾಲೆಗೆ ಹೋಗಿ ನೋಡಿ ಬರೆಯಿರಿ. ನಲ್ಲಿ ಇಲ್ಲದಿದ್ದರೆ ‘ಒಂದೇ ಬೋರಿನ ನೀರು’, ‘ಒಂದೇ ಬಾವಿಯ ನೀರು’, ‘ಒಂದೇ ತೊಟ್ಟಿಯ ನೀರು’. ಎಲ್ಲವೂ ನಾಲ್ಕು ಮಾತ್ರೆಯ ಪದಗಳೇ, ರಾಗ ಬದಲಾಗುವುದಿಲ್ಲ. ಅವರು ಮತ್ತೆ ಕೇಳಿದರು: ‘ಊಟದ ಸಾಲಿನಲ್ಲಿ ಕೆಲವು ಮಕ್ಕಳು ಬೇರೆ ಕೂರ್ತಾರೆ, ಮನೆಯಿಂದ ಹಾಗೆ ಹೇಳಿ ಕಳಿಸ್ತಾರೆ. ಆಗ?’

ಆಗ ಆ ಸಾಲನ್ನು ಹಾಡಿಸಬೇಡಿ ಅಂದೆ. ಬೆಳಿಗ್ಗೆ ‘ಒಂದೇ ಸಾಲಿನ ಊಟ’ ಅಂತ ಹಾಡಿ ಮಧ್ಯಾಹ್ನ ಎರಡು ಸಾಲಿನಲ್ಲಿ ಕೂತರೆ, ಹಾಡಿನಲ್ಲಿ ಹೇಳುವುದು ಬರೀ ಹಾಡಿಗೆ ಅಂತ ಮಕ್ಕಳು ಕಲಿತುಬಿಡುತ್ತಾರೆ. ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಆ ಮಾತು ಎತ್ತಿ, ಆ ಮನೆಯವರನ್ನು ಕರೆದು ಕೂರಿಸಿಕೊಂಡು ಮಾತಾಡಿ, ಸಾಲು ಒಂದು ಮಾಡಿ. ಅಲ್ಲಿಯವರೆಗೆ ಆ ಜಾಗದಲ್ಲಿ ‘ಒಂದೇ ಬಯಲಲಿ ಎಲ್ಲರ ಆಟ’ ಎಂದು ಹಾಡಿಸಿ. ಅದೂ ನಾಲ್ಕು ಚಪ್ಪಾಳೆಯೇ.